ವೀರಕಾವ್ಯದ ಸಾಕ್ಷ್ಯ: ಪುರಾಣ, ಐತಿಹ್ಯ ಮತ್ತು ಚರಿತ್ರೆ

ಪ್ರಾಚೀನ ಕಾವ್ಯವೊಂದನ್ನು ಚರಿತ್ರೆಯ ಆಧಾರವಾಗಿ ಬಳಸಬೇಕಾಗಿ ಬಂದಾಗ ಗುರುಮಠದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದು ಸುಲಭ ಹಾದಿಯನ್ನು ಹಿಡಿಯುತ್ತಾರೆ. ಕಾವ್ಯದಲ್ಲಿ ಬರುವ ದೇವದೂತರನ್ನೂ ಅದ್ಭುತಗಳನ್ನೂ ನಂಬಲಾಗದಷ್ಟು ದೊಡ್ಡ ಸಂಖ್ಯೆಗಳನ್ನೂ ಹೊಡೆದುಹಾಕಿ, ಉಳಿದದ್ದನ್ನು ‘ಐತಿಹಾಸಿಕ ತಿರುಳು’ ಎಂದು ಕರೆಯುತ್ತಾರೆ. ಹೊಟ್ಟು ತೂರಿದರೆ ಕಾಳು ಉಳಿಯುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಆದರೆ ವೀರಕಾವ್ಯದಲ್ಲಿ ಹೊಟ್ಟು ಮತ್ತು ಕಾಳು ಹಾಗೆ ಬೇರೆಬೇರೆಯಾಗಿ ನಿಲ್ಲುವುದಿಲ್ಲ. ಅದ್ಭುತವನ್ನು ತೆಗೆದ ಮೇಲೆ ಉಳಿಯುವುದು ಚರಿತ್ರೆಯಲ್ಲ, ಅದ್ಭುತವಿಲ್ಲದ ಐತಿಹ್ಯ. ಈ ಮಾತನ್ನು ತತ್ತ್ವವಾಗಿ ವಾದಿಸುವುದಕ್ಕಿಂತ ಒಂದು ನಿದರ್ಶನದಲ್ಲಿ ಪರೀಕ್ಷಿಸಿ ನೋಡುವುದು ಲೇಸು. ಅದಕ್ಕೆ ಬೇಕಾದುದು, ಕಾವ್ಯವೂ ಉಳಿದಿರುವ, ಕಾವ್ಯಕ್ಕಿಂತ ಹಳೆಯದಾದ ಸ್ವತಂತ್ರ ದಾಖಲೆಗಳೂ ಉಳಿದಿರುವ ಒಂದು ಘಟನೆ. ಅಂಥದು ವಿರಳ. ಮಧ್ಯಯುಗದ ಫ್ರೆಂಚ್ ವೀರಕಾವ್ಯವಾದ ‘ರೋಲಾಂಡನ ಗೀತೆ’ ನಮಗೆ ಆ ಅವಕಾಶವನ್ನು ಕೊಡುತ್ತದೆ.

ಮೊದಲು ಪದಗಳ ವಿಷಯ. ಕನ್ನಡದಲ್ಲಿ ನಾವು ‘ಇತಿಹಾಸ’ ಎನ್ನುವಾಗ ಎರಡು ಅರ್ಥಗಳು ಬೆರೆತುಹೋಗುತ್ತವೆ. ಸಂಪ್ರದಾಯದಲ್ಲಿ ‘ಇತಿ ಹ ಆಸ’, ಅಂದರೆ ‘ಹೀಗೆಯೇ ಇತ್ತು’ ಎಂದು ಹೇಳುವ ಕೃತಿ ಇತಿಹಾಸ. ಆ ಲೆಕ್ಕದಲ್ಲಿ ಮಹಾಭಾರತವೇ ಇತಿಹಾಸ. ಇಂದಿನ ವಿಶ್ವವಿದ್ಯಾಲಯಗಳಲ್ಲಿ ಅದೇ ಪದ ಆಧಾರಗಳನ್ನು ಪರೀಕ್ಷಿಸಿ ನಿರ್ಣಯಕ್ಕೆ ಬರುವ ಶಿಸ್ತಿಗೆ ಹೆಸರಾಗಿದೆ. ಗೊಂದಲವನ್ನು ತಪ್ಪಿಸಲು ಈ ಎರಡನೆಯ ಅರ್ಥಕ್ಕೆ ಇಲ್ಲಿ ‘ಚರಿತ್ರೆ’ ಎಂಬ ಪದವನ್ನೇ ಬಳಸುತ್ತೇನೆ. ‘ಪುರಾಣ’ ಎಂದರೆ ಇಲ್ಲಿ ಸುಳ್ಳುಕಥೆಯಲ್ಲ. ಜಗತ್ತು ಏಕೆ ಹೀಗಿದೆ, ಮೇಲಿನ ಶಕ್ತಿ ಮನುಷ್ಯರ ವ್ಯವಹಾರದಲ್ಲಿ ಹೇಗೆ ಕೈಯಿಡುತ್ತದೆ ಎಂಬುದನ್ನು ಕಥೆಯ ರೂಪದಲ್ಲಿ ಹೇಳುವ ನಿರೂಪಣೆ ಅದು. ‘ಐತಿಹ್ಯ’ವಾದರೋ ಒಂದು ಊರಿಗೆ, ಒಂದು ಕಣಿವೆಗೆ, ಒಬ್ಬ ವ್ಯಕ್ತಿಯ ಹೆಸರಿಗೆ ಅಂಟಿಕೊಂಡು ಬೆಳೆಯುವ ಕಥೆ.

ಐತಿಹ್ಯದ ವಿಷಯದಲ್ಲಿ ನಮ್ಮ ನೈಯಾಯಿಕರು ಬಹಳ ಹಿಂದೆಯೇ ಒಂದು ಸೂಕ್ಷ್ಮವನ್ನು ಗಮನಿಸಿದ್ದರು. ನ್ಯಾಯಸೂತ್ರಗಳಲ್ಲಿ ಐತಿಹ್ಯವನ್ನು ಪ್ರತ್ಯೇಕ ಪ್ರಮಾಣವೆಂದು ಎಣಿಸಬೇಕೇ ಎಂಬ ಚರ್ಚೆ ಬರುತ್ತದೆ. ಅಲ್ಲಿ ಐತಿಹ್ಯವೆಂದರೆ, ಮೊದಲು ಹೇಳಿದವರು ಯಾರೆಂದು ತೋರಿಸಲಾಗದೆ ಪರಂಪರೆಯಿಂದ ಬಂದ ಮಾತು. ಈ ಲಕ್ಷಣ ನಮಗೂ ಸಾಕು. ಐತಿಹ್ಯವನ್ನು ಚರಿತ್ರೆಯಿಂದ ಬೇರ್ಪಡಿಸುವುದು ಅದರಲ್ಲಿ ಅದ್ಭುತ ಇದೆಯೇ ಇಲ್ಲವೇ ಎಂಬುದಲ್ಲ. ಈ ಮಾತನ್ನು ಮೊದಲು ಹೇಳಿದವರು ಯಾರು, ಅವರಿಗೆ ಅದು ಹೇಗೆ ತಿಳಿಯಿತು ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆಯೇ ಎಂಬುದು.

ಕಾವ್ಯ ಹೇಳುವುದು

ಕಾವ್ಯದ ಕಥೆ ಸ್ಥೂಲವಾಗಿ ಹೀಗಿದೆ. ಸಾಮ್ರಾಟ ಶಾರ್ಲಮೇನ್ ಏಳು ವರ್ಷಗಳಿಂದ ಸ್ಪೇನಿನಲ್ಲಿ ಸರಸೆನರ ವಿರುದ್ಧ, ಅಂದರೆ ಅಲ್ಲಿನ ಮುಸ್ಲಿಮರ ವಿರುದ್ಧ ಯುದ್ಧ ಮಾಡುತ್ತಿದ್ದಾನೆ. ಸರಗೋಸಾ ನಗರವೊಂದು ಮಾತ್ರ ಗೆಲ್ಲುವುದಕ್ಕೆ ಉಳಿದಿದೆ. ಅಲ್ಲಿನ ಅರಸ ಮಾರ್ಸಿಲ್ ಸಂಧಿಯ ನಾಟಕವಾಡುತ್ತಾನೆ. ರಾಯಭಾರಕ್ಕೆ ಹೋದ ಗನೆಲೋನ್ ತನ್ನ ಮಲಮಗ ರೋಲಾಂಡನ ಮೇಲಿನ ಹಗೆಯಿಂದ ಶತ್ರುವಿನೊಡನೆ ಒಳಸಂಚು ಮಾಡಿ, ಸೈನ್ಯ ಹಿಂದಿರುಗುವಾಗ ಹಿಂಬದಿಯ ಪಡೆಗೆ ರೋಲಾಂಡನನ್ನೇ ನೇಮಿಸುವಂತೆ ಮಾಡುತ್ತಾನೆ. ಪಿರೆನೀಸ್ ಪರ್ವತದ ರಾನ್ಸೆಸ್‌ವಾಲೆಸ್ ಕಣಿವೆಯಲ್ಲಿ ಇಪ್ಪತ್ತು ಸಾವಿರ ಫ್ರಾಂಕರ ಮೇಲೆ ನಾಲ್ಕು ಲಕ್ಷ ಸರಸೆನರು ಎರಗುತ್ತಾರೆ. ಕೊಂಬೂದಿ ಚಕ್ರವರ್ತಿಯನ್ನು ಕರೆ ಎಂದು ಗೆಳೆಯ ಆಲಿವರ್ ಹೇಳಿದರೂ ರೋಲಾಂಡ್ ಒಪ್ಪುವುದಿಲ್ಲ. ಎಲ್ಲ ಮುಗಿದ ಮೇಲೆ ಕಪಾಲ ಬಿರಿಯುವಂತೆ ಊದುತ್ತಾನೆ. ಮಹಾಧರ್ಮಾಧ್ಯಕ್ಷ ಟರ್ಪಿನ್ ಕತ್ತಿ ಹಿಡಿದು ಕಾದಾಡಿ ಅಲ್ಲಿಯೇ ಮಡಿಯುತ್ತಾನೆ. ಸತ್ತ ರೋಲಾಂಡನ ಆತ್ಮವನ್ನು ದೇವದೂತರಾದ ಗಬ್ರಿಯೇಲ್ ಮತ್ತು ಮಿಖಾಯೇಲ್ ಸ್ವರ್ಗಕ್ಕೆ ಒಯ್ಯುತ್ತಾರೆ. ಹಿಂದಿರುಗಿ ಬಂದ ಶಾರ್ಲಮೇನ್ ಪ್ರಾರ್ಥಿಸಿದಾಗ ಸೂರ್ಯ ಆಕಾಶದಲ್ಲಿ ನಿಲ್ಲುತ್ತಾನೆ, ಶತ್ರುಗಳನ್ನು ಬೆನ್ನಟ್ಟಲು ಹಗಲು ಉಳಿಯುತ್ತದೆ. ಕೊನೆಗೆ ಗನೆಲೋನನ ವಿಚಾರಣೆ ನಡೆದು ಅವನನ್ನು ಕುದುರೆಗಳಿಂದ ಸೀಳಿಸಿ ಕೊಲ್ಲಲಾಗುತ್ತದೆ.

ಕಾವ್ಯವನ್ನು ಯಾವ ಘಟನೆಗೂ ಸಾಕ್ಷಿಯಾಗಿ ಕರೆಯುವ ಮೊದಲು, ಅದು ಸ್ವತಃ ಯಾವ ಕಾಲದ ವಸ್ತು ಎಂದು ಗೊತ್ತುಮಾಡಬೇಕು. ಯುದ್ಧ ನಡೆದದ್ದು 778ರಲ್ಲಿ. ಕಾವ್ಯದ ಅತ್ಯಂತ ಹಳೆಯ ರೂಪ ಆಕ್ಸ್‌ಫರ್ಡಿನಲ್ಲಿರುವ ಹನ್ನೆರಡನೆಯ ಶತಮಾನದ ಹಸ್ತಪ್ರತಿಯಲ್ಲಿ ಉಳಿದಿದೆ. ಕಾವ್ಯ ಈಗಿನ ರೂಪವನ್ನು ತಳೆದದ್ದು 1100ರ ಆಸುಪಾಸಿನಲ್ಲಿ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ನಡುವೆ ಮುನ್ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. 1095ರಲ್ಲಿ ಕ್ಲೆರ್ಮಾಂಟಿನಲ್ಲಿ ಮೊದಲ ಕ್ರುಸೇಡಿನ ಕರೆ ಮೊಳಗಿದ್ದನ್ನು ನೆನೆದರೆ, ಕವಿ ಯಾವ ಗಾಳಿಯನ್ನು ಉಸಿರಾಡುತ್ತಿದ್ದನೆಂಬುದು ತಿಳಿಯುತ್ತದೆ.

ಆದ್ದರಿಂದ ಕಾವ್ಯ ಮೊಟ್ಟಮೊದಲಿಗೆ 1100ರ ಸಾಕ್ಷಿ, ಮತ್ತು ಆ ಕಾಲಕ್ಕೆ ಅದು ಅತ್ಯುತ್ತಮ ಸಾಕ್ಷಿ. ರೋಲಾಂಡನ ಖಡ್ಗದ ಹಿಡಿಯಲ್ಲಿ ಸಂತ ಪೇತ್ರರ ಹಲ್ಲು, ಸಂತ ಬೆಸಿಲರ ರಕ್ತ, ಸಂತ ಡೆನಿಸರ ಕೂದಲು, ಮಾತೆ ಮರಿಯಮ್ಮನವರ ಉಡುಪಿನ ಚೂರು ಇವೆಯಂತೆ. ಎಂಟನೆಯ ಶತಮಾನದ ಖಡ್ಗಗಳ ಬಗ್ಗೆ ಇದು ಏನನ್ನೂ ಸಾಬೀತುಪಡಿಸುವುದಿಲ್ಲ. ಕೊಲ್ಲುವ ಆಯುಧದಲ್ಲಿ ಪವಿತ್ರ ಅವಶೇಷಗಳನ್ನು ಹುದುಗಿಸುವುದು ಕವಿಯ ಶ್ರೋತೃಗಳಿಗೆ ವಿರೋಧಾಭಾಸವಾಗಿ ತೋರಲಿಲ್ಲ ಎಂಬುದನ್ನು ಮಾತ್ರ ದೃಢಪಡಿಸುತ್ತದೆ. ಹಾಗೆಯೇ ಕಾವ್ಯದ ಮುಸ್ಲಿಮರು ಮೂರು ದೇವರುಗಳನ್ನು, ವಿಗ್ರಹಗಳನ್ನು ಪೂಜಿಸುತ್ತಾರೆ. ಆ ಮೂವರಲ್ಲಿ ಒಬ್ಬ ಅಪೋಲೊ! ಇಸ್ಲಾಮಿನ ಬಗ್ಗೆ ಇದಕ್ಕೆ ಸಾಕ್ಷ್ಯದ ಬೆಲೆ ಸೊನ್ನೆ. ಆದರೆ ಕವಿಯೂ ಅವನ ಸಭಿಕರೂ ಆ ಧರ್ಮದ ಬಗ್ಗೆ ಏನನ್ನೂ ತಿಳಿದಿರಲಿಲ್ಲ, ತಿಳಿಯುವ ಅಗತ್ಯವನ್ನೂ ಕಂಡಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ.

ಹಳೆಯ ಸಾಕ್ಷಿಗಳು

ಈಗ ಕಾವ್ಯವನ್ನು ಬದಿಗಿಟ್ಟು, ಅದಕ್ಕಿಂತ ಹಳೆಯ ದಾಖಲೆಗಳನ್ನು ಕಾಲಕ್ರಮದಲ್ಲಿ ಜೋಡಿಸೋಣ. ಮೊದಲನೆಯದು ಫ್ರಾಂಕ್ ಅರಮನೆಯ ವಾರ್ಷಿಕ ವೃತ್ತಾಂತ. ಅದರ ಮೂಲ ಪಾಠದಲ್ಲಿ 778ರ ನಮೂದು ಹೇಳುವುದಿಷ್ಟು: ಅರಸ ಸ್ಪೇನಿಗೆ ಹೋದ, ಪಂಪ್ಲೋನಾ ಮತ್ತು ಸರಗೋಸಾಗಳನ್ನು ತಲುಪಿದ, ಒತ್ತೆಯಾಳುಗಳನ್ನು ಪಡೆದ, ಪಂಪ್ಲೋನಾವನ್ನು ನಾಶಮಾಡಿದ, ಬಾಸ್ಕರನ್ನು ಅಧೀನಗೊಳಿಸಿದ, ಹಿಂದಿರುಗಿದ. ಸೋಲಿನ ಸುದ್ದಿಯೇ ಇಲ್ಲ. ಎರಡನೆಯದು ಅದೇ ವೃತ್ತಾಂತದ ಪರಿಷ್ಕೃತ ಪಾಠ. ಹಿಂದಿರುಗುವಾಗ ಪರ್ವತದ ಮೇಲೆ ಬಾಸ್ಕರು ಹೊಂಚುಹಾಕಿ ಹಿಂಬದಿಯ ಪಡೆಯ ಮೇಲೆ ಬಿದ್ದರೆಂದೂ, ಅರಸ ಸೇನೆಯ ಮೇಲೆ ನೇಮಿಸಿದ್ದ ಅರಮನೆಯ ಅಧಿಕಾರಿಗಳಲ್ಲಿ ಬಹುಮಂದಿ ಸತ್ತರೆಂದೂ, ಸ್ಪೇನಿನ ಸಾಧನೆಯ ಸಂತೋಷವನ್ನು ಈ ಪೆಟ್ಟು ಮಸುಕುಗೊಳಿಸಿತೆಂದೂ ಅದು ಒಪ್ಪಿಕೊಳ್ಳುತ್ತದೆ. ಮೂರನೆಯದು ಐನ್‌ಹಾರ್ಡನ ‘ಶಾರ್ಲಮೇನನ ಜೀವನ’. ಐನ್‌ಹಾರ್ಡ್ ಅರಸನ ಆಸ್ಥಾನದಲ್ಲಿ ಬಾಳಿದವನು. 814ರಲ್ಲಿ ಅರಸ ತೀರಿಕೊಂಡ ನಂತರದ ವರ್ಷಗಳಲ್ಲಿ ಬರೆದನು. ದಟ್ಟ ಕಾಡಿನ ಕಿರುದಾರಿ, ಸಾಲಾಗಿ ಸಾಗುತ್ತಿದ್ದ ಸೈನ್ಯ, ಮೇಲಿನಿಂದ ಹಗುರ ಆಯುಧಗಳೊಂದಿಗೆ ಎರಗಿದ ಬಾಸ್ಕರು, ಸಾಮಾನು ಸರಂಜಾಮುಗಳ ಸೂರೆ, ಕತ್ತಲಾಗುತ್ತಲೇ ಚದುರಿಹೋದ ದಾಳಿಕಾರರು, ಇವುಗಳನ್ನು ಅವನು ವಿವರಿಸುತ್ತಾನೆ. ಸತ್ತವರಲ್ಲಿ ಮೂವರನ್ನು ಹೆಸರಿಸುತ್ತಾನೆ: ಅರಸನ ಭೋಜನಶಾಲೆಯ ಮೇಲಧಿಕಾರಿ ಎಗ್ಗಿಹಾರ್ಡ್, ಅರಮನೆಯ ನ್ಯಾಯಾಧಿಕಾರಿ ಆನ್ಸೆಲ್ಮ್, ಬ್ರಿಟನಿ ಗಡಿನಾಡಿನ ಅಧಿಪತಿ ಹ್ರೂಡ್‌ಲಾಂಡ್. ಈ ಹ್ರೂಡ್‌ಲಾಂಡನೇ ಕಾವ್ಯದ ರೋಲಾಂಡ್. ಶತ್ರುಗಳು ಎಲ್ಲಿ ಹೋದರೆಂಬ ಸುಳಿವೇ ಸಿಗದ್ದರಿಂದ ಸೇಡು ತೀರಿಸಿಕೊಳ್ಳಲು ಆಗಲಿಲ್ಲವೆಂದೂ ಅವನು ಹೇಳುತ್ತಾನೆ.

ಇವುಗಳ ಜೊತೆಗೆ ಚಿಕ್ಕದಾದರೂ ತೂಕದ ಇನ್ನೊಂದು ಸಾಕ್ಷ್ಯವಿದೆ. ಎಗ್ಗಿಹಾರ್ಡನ ಸಮಾಧಿಲೇಖದ ಪಾಠ ಒಂದು ಹಸ್ತಪ್ರತಿಯಲ್ಲಿ ಉಳಿದಿದ್ದು, ಅವನು ಸತ್ತದ್ದು ಆಗಸ್ಟ್ 15ರಂದು ಎಂದು ತಿಳಿಸುತ್ತದೆ. ಯುದ್ಧದ ದಿನಾಂಕ ನಮಗೆ ಗೊತ್ತಾಗಿರುವುದು ಇದರಿಂದಲೇ. ಮಹಾಕಾವ್ಯ ಮರೆತ ಮನುಷ್ಯನ ಸಮಾಧಿ ದಿನವನ್ನು ಕಾಪಾಡಿದೆ; ಮಹಾಕಾವ್ಯ ಕೊಂಡಾಡಿದ ಮನುಷ್ಯನಿಗೆ ಅಂಥ ಲೇಖ ಸಿಕ್ಕಿಲ್ಲ. ನಮ್ಮ ಊರುಗಳ ವೀರಗಲ್ಲುಗಳನ್ನು ನೋಡಿದವರಿಗೆ ಇದರ ಬೆಲೆ ಬೇಗ ಅರಿವಾಗುತ್ತದೆ. ತುರುಗೋಳಿನಲ್ಲಿ ಸತ್ತವನೊಬ್ಬನಿಗೆ ಅವನನ್ನು ಬಲ್ಲವರೇ ನಿಲ್ಲಿಸಿದ ಕಲ್ಲು, ಅಪ್ಸರೆಯರು ಅವನನ್ನು ಮೇಲಕ್ಕೊಯ್ಯುವ ಚಿತ್ರವನ್ನು ಹೊತ್ತಿದ್ದರೂ, ಅವನ ಸಾವಿನ ಮಟ್ಟಿಗೆ ಪ್ರಬಲ ಸಾಕ್ಷಿಯೇ.

ಈ ಸಾಕ್ಷಿಗಳನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಅರಮನೆಯ ವೃತ್ತಾಂತದ ಮೂಲ ಪಾಠ ಸೋಲನ್ನು ಮುಚ್ಚಿಟ್ಟಿತು. ಗದ್ಯದಲ್ಲಿ, ವರ್ಷವಾರು ಬರೆದ ಮಾತ್ರಕ್ಕೆ ಅದು ನಿಷ್ಪಕ್ಷಪಾತವಾಗುವುದಿಲ್ಲ. ಪರಿಷ್ಕೃತ ಪಾಠ ನಂಬಿಕೆಗೆ ಹೆಚ್ಚು ಅರ್ಹವಾಗುವುದು ಅರಮನೆಯ ಪ್ರತಿಷ್ಠೆಗೆ ವಿರುದ್ಧವಾದುದನ್ನು ಅದು ಹೇಳುವುದರಿಂದ. ಸುಮಾರು 840ರಲ್ಲಿ ಬರೆದ ಇನ್ನೊಬ್ಬ ಲೇಖಕ, ಸತ್ತವರ ಹೆಸರು ಎಲ್ಲರಿಗೂ ತಿಳಿದಿರುವುದರಿಂದ ಹೇಳಬೇಕಾಗಿಲ್ಲ ಎಂದು ಮುಂದೆ ಸಾಗುತ್ತಾನೆ. ಅರಮನೆ ಮರೆಯಲು ಬಯಸಿದ್ದನ್ನು ಜನ ಅರವತ್ತು ವರ್ಷಗಳ ನಂತರವೂ ಮರೆತಿರಲಿಲ್ಲ. ಐತಿಹ್ಯ ಮೊಳೆಯುವುದು ಇಂಥ ನೆಲದಲ್ಲಿಯೇ.

ಕಳೆದು ನೋಡಿದರೆ

ಈಗ ವಿದ್ಯಾರ್ಥಿಯ ವಿಧಾನವನ್ನು ಪರೀಕ್ಷಿಸೋಣ. ಐನ್‌ಹಾರ್ಡನೂ ವೃತ್ತಾಂತಗಳೂ ಸುಟ್ಟುಹೋಗಿ ಕಾವ್ಯವೊಂದೇ ಉಳಿದಿದ್ದರೆ? ದೇವದೂತರನ್ನು ತೆಗೆಯುತ್ತೇವೆ. ಸೂರ್ಯನ ಪ್ರಸಂಗವನ್ನು ತೆಗೆಯುತ್ತೇವೆ. ಯೆಹೋಶುವನ ಗ್ರಂಥದ ಹತ್ತನೆಯ ಅಧ್ಯಾಯವನ್ನು ಓದಿದವರಿಗೆ ಕವಿ ಅದನ್ನು ಎಲ್ಲಿಂದ ತಂದನೆಂದು ಹೇಳಬೇಕಿಲ್ಲ. ಶಾರ್ಲಮೇನನಿಗೆ ಇನ್ನೂರು ವರ್ಷ ಮೀರಿದೆ ಎಂಬ ಮಾತನ್ನು ತೆಗೆಯುತ್ತೇವೆ. ನಾಲ್ಕು ಲಕ್ಷವನ್ನು ನಾಲ್ಕು ಸಾವಿರಕ್ಕೆ ಇಳಿಸುತ್ತೇವೆ. ಉಳಿದದ್ದೇನು? ಒಬ್ಬ ವೃದ್ಧ ಚಕ್ರವರ್ತಿ ಸ್ಪೇನಿನಲ್ಲಿ ದೀರ್ಘಕಾಲ ಮುಸ್ಲಿಮರೊಡನೆ ಯುದ್ಧ ಮಾಡಿದ, ಆಸ್ಥಾನದೊಳಗಿನ ದ್ವೇಷದಿಂದ ಒಬ್ಬ ಸರದಾರ ದ್ರೋಹ ಬಗೆದ, ಹಿಂಬದಿಯ ಪಡೆ ಕಣಿವೆಯಲ್ಲಿ ನಾಶವಾಯಿತು, ರೋಲಾಂಡ್, ಆಲಿವರ್, ಟರ್ಪಿನ್ ಸತ್ತರು, ಅರಸ ಸೇಡು ತೀರಿಸಿಕೊಂಡ, ದ್ರೋಹಿಗೆ ಶಿಕ್ಷೆಯಾಯಿತು. ಇದರಲ್ಲಿ ನಂಬಲಾಗದ್ದು ಒಂದೂ ಇಲ್ಲ. ಯಾವ ಪಠ್ಯಪುಸ್ತಕದಲ್ಲಾದರೂ ಇದನ್ನು ಅಚ್ಚುಹಾಕಬಹುದು.

ದಾಖಲೆಗಳೊಡನೆ ಹೋಲಿಸಿದರೆ ಇದರಲ್ಲಿ ನಿಲ್ಲುವುದು ಬಹಳ ಕಡಿಮೆ. 778ರಲ್ಲಿ ಶಾರ್ಲಮೇನ್ ಮೂವತ್ತರ ಹರೆಯದವನು; ಚಕ್ರವರ್ತಿ ಪದವಿ ಬಂದದ್ದು 800ರಲ್ಲಿ. ದಂಡಯಾತ್ರೆ ಏಳು ವರ್ಷದ್ದಲ್ಲ, ಕೆಲವು ತಿಂಗಳುಗಳದು. ಅದು ಕ್ರೈಸ್ತರು ಮುಸ್ಲಿಮರ ಮೇಲೆ ಹೂಡಿದ ಧರ್ಮಯುದ್ಧವೂ ಅಲ್ಲ: ಹಿಂದಿನ ವರ್ಷ ಪಾಡರ್‌ಬೋರ್ನಿಗೆ ಬಂದು ಶಾರ್ಲಮೇನನನ್ನು ಆಹ್ವಾನಿಸಿದವನು ಸುಲೈಮಾನ್ ಎಂಬ ಉತ್ತರ ಸ್ಪೇನಿನ ಮುಸ್ಲಿಂ ಅಧಿಕಾರಿ. ಕೊರ್ಡೊವಾದ ಅಮೀರನ ವಿರುದ್ಧ ಅವನಿಗೆ ನೆರವು ಬೇಕಿತ್ತು. ಸರಗೋಸಾ ಬಾಗಿಲು ತೆರೆಯದೆ ಹೋದದ್ದರಿಂದ ಯೋಜನೆ ಕುಸಿಯಿತು. ಫ್ರಾಂಕ್ ದಾಖಲೆಗಳ ಪ್ರಕಾರ ದಾಳಿ ಮಾಡಿದವರು ಬಾಸ್ಕರು. ಸೇಡು ತೀರಲಿಲ್ಲ. ದ್ರೋಹಿಯ ಸುದ್ದಿ ಯಾವ ಹಳೆಯ ದಾಖಲೆಯಲ್ಲಿಯೂ ಇಲ್ಲ, ಆಲಿವರನ ಹೆಸರೂ ಇಲ್ಲ.

ಟರ್ಪಿನ್ನನ ಸಂಗತಿ ಇನ್ನೂ ಪಾಠದಾಯಕ. ಅವನು ಕಲ್ಪಿತ ವ್ಯಕ್ತಿಯಲ್ಲ. ರಾನ್ಸ್ ನಗರದ ಮಹಾಧರ್ಮಾಧ್ಯಕ್ಷ ಟಿಲ್ಪಿನ್ ಆ ಕಾಲದಲ್ಲಿ ನಿಜವಾಗಿ ಇದ್ದವನು. ಆದರೆ ಯುದ್ಧದ ನಂತರವೂ ಅನೇಕ ವರ್ಷ ಬದುಕಿದ್ದನು. ನಿಜವಾದ ಹೆಸರು, ನಿಜವಾದ ಪದವಿ, ನಿಜವಾದ ಕಾಲ. ಸಾವು ಮಾತ್ರ ಸುಳ್ಳು. ‘ಕಾವ್ಯದಲ್ಲಿ ಬರುವ ಇಂಥವನು ಶಾಸನದಲ್ಲಿಯೂ ಬರುತ್ತಾನೆ, ಆದ್ದರಿಂದ ಕಾವ್ಯದ ಕಥೆ ನಿಜ’ ಎಂಬ ವಾದವನ್ನು ಕೇಳಿದಾಗಲೆಲ್ಲ ನಾನು ಟಿಲ್ಪಿನ್ನನನ್ನು ನೆನೆಯುತ್ತೇನೆ. ಶಾಸನ ಸಾಬೀತುಪಡಿಸುವುದು ವ್ಯಕ್ತಿಯನ್ನು. ಅವನ ಮೇಲೆ ಹೊರಿಸಿದ ಕಾರ್ಯವನ್ನಲ್ಲ.

ಗನೆಲೋನನಿಗೂ ಒಂದು ಬೇರಿರಬಹುದು. 859ರಲ್ಲಿ, ಅಂದರೆ ಯುದ್ಧವಾಗಿ ಎಂಬತ್ತು ವರ್ಷಗಳ ಮೇಲೆ, ಶಾರ್ಲಮೇನನ ಮೊಮ್ಮಗ ಬೋಳು ಚಾರ್ಲ್ಸ್ ತನಗೆ ದ್ರೋಹ ಬಗೆದನೆಂದು ಸಾನ್ಸ್ ನಗರದ ಮಹಾಧರ್ಮಾಧ್ಯಕ್ಷ ವೆನಿಲೋ ಎಂಬುವನ ಮೇಲೆ ಆರೋಪ ಹೊರಿಸಿದ. ‘ವೆನಿಲೋ’ ಫ್ರೆಂಚ್ ನಾಲಗೆಯಲ್ಲಿ ‘ಗನೆಲೋನ್’ ಆಗಬಲ್ಲದು. ಕಾವ್ಯದ ದ್ರೋಹಿಗೆ ಹೆಸರು ಬಂದದ್ದು ಇಲ್ಲಿಂದ ಎಂದು ಹಲವು ವಿದ್ವಾಂಸರು ಊಹಿಸುತ್ತಾರೆ. (ಒಂದೇ ಕಾವ್ಯಕ್ಕೆ ಒಬ್ಬ ವೀರನನ್ನೂ ಬಹುಶಃ ಒಬ್ಬ ದ್ರೋಹಿಯನ್ನೂ ಒದಗಿಸಿದ ಕೀರ್ತಿ ಮಹಾಧರ್ಮಾಧ್ಯಕ್ಷರ ವರ್ಗಕ್ಕೆ ಸಲ್ಲಬೇಕು.) ಊಹೆ ಸರಿಯಾದರೆ, ಬೇರೆ ಕಾಲದ, ಬೇರೆ ಅರಸನ ಕಾಲಕ್ಕೆ ಸೇರಿದ ದ್ರೋಹದ ಹೆಸರು ಹಿಂದಕ್ಕೆ ಸರಿದು 778ಕ್ಕೆ ಅಂಟಿಕೊಂಡಿದೆ. ಇದು ಐತಿಹ್ಯದ ಸಹಜ ಚಲನೆ. ಪ್ರಸಿದ್ಧ ಹೆಸರುಗಳು ಹತ್ತಿರ ಸೇರುತ್ತವೆ, ಕಾಲಗಳು ಮಡಚಿಕೊಳ್ಳುತ್ತವೆ.

ಆದರೆ ದ್ರೋಹಿ ಏಕೆ ಬೇಕಾದ? ದೊಡ್ಡ ಸೈನ್ಯವನ್ನು ಬೆಟ್ಟದ ಜನ ಸೂರೆಮಾಡಿ ಕತ್ತಲಲ್ಲಿ ಮಾಯವಾದರು ಎಂಬುದು ಕಥೆಯಾಗುವುದಿಲ್ಲ, ಅದು ಬರಿಯ ಅವಮಾನ. ಸೋಲಿಗೆ ಅರ್ಥ ಬೇಕಾದರೆ ಸಮಬಲದ ಶತ್ರು ಬೇಕು, ಒಳಗಿನ ವಂಚನೆ ಬೇಕು, ಕೊನೆಗೆ ನ್ಯಾಯ ಸಿಗಬೇಕು. ದ್ರೋಹದ ಭಾಗವೇ ಇಡೀ ಕಾವ್ಯದಲ್ಲಿ ಅತ್ಯಂತ ಸಹಜವಾಗಿ, ಮಾನವೀಯವಾಗಿ, ನಂಬಲರ್ಹವಾಗಿ ಕಾಣುವುದೂ, ಅದಕ್ಕೇ ಯಾವ ಆಧಾರವೂ ಇಲ್ಲದಿರುವುದೂ ಆಕಸ್ಮಿಕವಲ್ಲ. ಕಥೆಯ ಅಗತ್ಯದಿಂದ ಹುಟ್ಟಿದ್ದು ಕಥೆಯಲ್ಲಿ ಚೆನ್ನಾಗಿಯೇ ಹೊಂದಿಕೊಳ್ಳುತ್ತದೆ. ಸಂಭಾವ್ಯತೆ ಸಾಕ್ಷ್ಯವಲ್ಲ. ಒಬ್ಬ ಒಳ್ಳೆಯ ಕವಿಗೆ ಸಂಭಾವ್ಯವಾದುದನ್ನು ಕಟ್ಟುವುದು ಅದ್ಭುತವನ್ನು ಕಟ್ಟುವಷ್ಟೇ ಸುಲಭ.

ಹಾಗಾದರೆ ಪುರಾಣದ ಅಂಶಕ್ಕೆ ಬೆಲೆಯಿಲ್ಲವೇ? ಇದೆ, ಬೇರೆ ಬಗೆಯಲ್ಲಿ. ಸೂರ್ಯ ನಿಂತ ಪ್ರಸಂಗವನ್ನು ಹೊಡೆದುಹಾಕಿದರೆ ನಮಗೆ 778ರ ಬಗ್ಗೆ ಏನೂ ಹೆಚ್ಚು ತಿಳಿಯುವುದಿಲ್ಲ, 1100ರ ಬಗ್ಗೆ ಒಂದು ಮುಖ್ಯ ಸಂಗತಿ ಕಳೆದುಹೋಗುತ್ತದೆ. ಫ್ರಾಂಕರನ್ನು ಹೊಸ ಇಸ್ರಾಯೇಲರೆಂದೂ ಅವರ ಅರಸನನ್ನು ಹೊಸ ಯೆಹೋಶುವನೆಂದೂ ಕವಿ ಭಾವಿಸಿದ್ದಾನೆ. ಕಾವ್ಯದ ದೈವಶಾಸ್ತ್ರ ಇರುವುದು ಅಲ್ಲಿಯೇ. ಚರಿತ್ರಕಾರ ಅದನ್ನು ಕಸವೆಂದು ಎಸೆದರೆ, ಕಾವ್ಯ ನಿಜವಾಗಿ ಯಾವುದಕ್ಕೆ ಸಾಕ್ಷಿಯೋ ಆ ಭಾಗವನ್ನೇ ಎಸೆದಂತೆ.

ಎಷ್ಟರ ಮಟ್ಟಿಗೆ ಹೇಳಬಹುದು

ಹಳೆಯ ದಾಖಲೆ ಇದ್ದ ಮಾತ್ರಕ್ಕೆ ಎಲ್ಲವೂ ಇತ್ಯರ್ಥವಾಗುವುದಿಲ್ಲ. ಐನ್‌ಹಾರ್ಡನ ಕೃತಿಯ ಹಸ್ತಪ್ರತಿಗಳಲ್ಲಿ ಒಂದು ಗುಂಪಿನಲ್ಲಿ ಹ್ರೂಡ್‌ಲಾಂಡನ ಹೆಸರೇ ಇಲ್ಲ. ಲಿಪಿಕಾರ ಬಿಟ್ಟನೋ, ಐತಿಹ್ಯ ಪ್ರಸಿದ್ಧವಾದ ಮೇಲೆ ಇನ್ನೊಬ್ಬ ಸೇರಿಸಿದನೋ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ಬಹುಮಂದಿ ಹೆಸರು ಮೂಲದ್ದೇ ಎಂದು ಒಪ್ಪುತ್ತಾರೆ. ಆದರೂ ಯುರೋಪಿನ ಅತಿ ಪ್ರಸಿದ್ಧ ವೀರನೊಬ್ಬನು ಆ ಯುದ್ಧದಲ್ಲಿ ಸತ್ತನೆಂಬುದು ಒಂದು ವಾಕ್ಯದ ಮೇಲೆ ನಿಂತಿದೆ ಎಂಬುದನ್ನು ಮರೆಯಬಾರದು. ಸ್ಥಳದ ಹೆಸರೂ ಹಾಗೆಯೇ: ಐನ್‌ಹಾರ್ಡನು ಪಿರೆನೀಸ್ ಎನ್ನುತ್ತಾನೆ, ರಾನ್ಸೆಸ್‌ವಾಲೆಸ್ ಎನ್ನುವುದಿಲ್ಲ. ಆ ಹೆಸರು ನಮಗೆ ಕಾಣಸಿಗುವುದು ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ, ಸ್ಪೇನಿನ ಸಾನ್ ಮಿಲ್ಯಾನ್ ಮಠದ ಹಸ್ತಪ್ರತಿಯೊಂದರಲ್ಲಿ ಬರೆದ ಸಣ್ಣ ಟಿಪ್ಪಣಿಯಲ್ಲಿ. ಅಷ್ಟರಲ್ಲಾಗಲೇ ಕೊಂದವರು ಬಾಸ್ಕರಲ್ಲ, ಸರಸೆನರು. ಅದೇ ಶತಮಾನದ ದಾನಪತ್ರಗಳಲ್ಲಿ ಒಡಹುಟ್ಟಿದವರಿಬ್ಬರಿಗೆ ರೋಲಾಂಡ್, ಆಲಿವರ್ ಎಂದು ಹೆಸರಿಟ್ಟಿರುವುದು ಕಾಣುತ್ತದೆ. ನಮ್ಮ ಕಾವ್ಯ ಹುಟ್ಟುವ ಮೊದಲೇ ಐತಿಹ್ಯ ಮನೆಮನೆಗೆ ತಲುಪಿತ್ತು.

ಕೊಂದವರು ಯಾರೆಂಬ ಪ್ರಶ್ನೆಯಲ್ಲಿ ಇನ್ನೊಂದು ತೊಡಕಿದೆ. ಹದಿಮೂರನೆಯ ಶತಮಾನದ ಅರಬ್ ಚರಿತ್ರಕಾರ ಇಬ್ನ್ ಅಲ್-ಅಥೀರ್, ಶಾರ್ಲಮೇನ್ ಸುಲೈಮಾನನನ್ನು ಸೆರೆಹಿಡಿದು ಒಯ್ಯುತ್ತಿದ್ದಾಗ ಅವನ ಮಕ್ಕಳು ದಾಳಿಮಾಡಿ ತಂದೆಯನ್ನು ಬಿಡಿಸಿಕೊಂಡರು ಎನ್ನುತ್ತಾನೆ. ಇದು ರಾನ್ಸೆಸ್‌ವಾಲೆಸಿನ ಯುದ್ಧವೇ, ಬೇರೆಯದೇ? ಬಾಸ್ಕರೊಡನೆ ಮುಸ್ಲಿಮರೂ ಸೇರಿದ್ದರೇ? ಅವನು ಬಹಳ ತಡವಾಗಿ ಬರೆದವನು, ಆದರೆ ಹಳೆಯ ಅರಬ್ ಗ್ರಂಥಗಳನ್ನು ಬಳಸಿಕೊಂಡವನು. ಫ್ರೆಂಚ್ ಐತಿಹ್ಯದ ಪ್ರಭಾವ ಅವನ ಮೇಲಿರಲು ಕಾರಣವಿಲ್ಲ. ಆದ್ದರಿಂದ ಕೆಲವರು ಅವನ ಮಾತಿಗೆ ತೂಕ ಕೊಡುತ್ತಾರೆ. ನನ್ನ ಮಟ್ಟಿಗೆ, ಬಾಸ್ಕರ ದಾಳಿ ಖಚಿತ. ಮುಸ್ಲಿಮರ ಪಾಲು ಸಾಧ್ಯ, ಅದಕ್ಕಿಂತ ಹೆಚ್ಚಲ್ಲ. ಒಂದು ವೇಳೆ ಅದು ನಿಜವಾದರೂ ಗಮನಿಸಿ: ಕಾವ್ಯದ ಒಂದು ಅಂಶಕ್ಕೆ ಬೆಂಬಲ ಸಿಕ್ಕಿದ್ದು ಕಾವ್ಯದೊಳಗಿನ ಯಾವುದೋ ಗುಣದಿಂದಲ್ಲ, ಹೊರಗಿನ ಸ್ವತಂತ್ರ ಸಾಕ್ಷಿಯಿಂದ.

ಯಾಜಕವರ್ಗದವರಾದ ನಮಗೆ ಈ ಕಥೆಯಲ್ಲಿ ಇನ್ನೊಂದು ಅಧ್ಯಾಯ ಮುಖ್ಯ. ಹನ್ನೆರಡನೆಯ ಶತಮಾನದಲ್ಲಿ ಲತೀನ್ ಗದ್ಯದ ಒಂದು ವೃತ್ತಾಂತ ಹೊರಬಂತು. ಬರೆದವನು ಮಹಾಧರ್ಮಾಧ್ಯಕ್ಷ ಟರ್ಪಿನ್ ಎಂದೂ, ತಾನು ಎಲ್ಲವನ್ನೂ ಕಣ್ಣಾರೆ ಕಂಡವನೆಂದೂ ಅದು ಹೇಳಿಕೊಳ್ಳುತ್ತದೆ. ಕಾವ್ಯದಲ್ಲಿ ಸತ್ತವನು ಇಲ್ಲಿ ಲೇಖಕನಾಗಲು ಬದುಕಿ ಉಳಿದಿದ್ದಾನೆ. ಸಾಂತಿಯಾಗೊ ಯಾತ್ರಾಕ್ಷೇತ್ರದ ಪ್ರಸಿದ್ಧ ಸಂಕಲನದಲ್ಲಿ ಅದು ಸೇರಿತು. ಕಾವ್ಯವನ್ನು ಹಾಡುಗಾರರ ಸರಕೆಂದು ಕಡೆಗಣಿಸುತ್ತಿದ್ದ ವಿದ್ಯಾವಂತ ಯಾಜಕರು ಅದೇ ಕಥೆ ಲತೀನಿನಲ್ಲಿ, ಗದ್ಯದಲ್ಲಿ, ಧರ್ಮಾಧ್ಯಕ್ಷರ ಹೆಸರಿನಲ್ಲಿ ಬಂದಾಗ ಚರಿತ್ರೆಯೆಂದು ಸ್ವೀಕರಿಸಿದರು. 1165ರಲ್ಲಿ ಪ್ರತಿಪೋಪ್ ಮೂರನೆಯ ಪಾಸ್ಕಲನ ಸಮ್ಮತಿಯಿಂದ ಆಖೆನ್ ನಗರದಲ್ಲಿ ಶಾರ್ಲಮೇನನನ್ನು ಸಂತನೆಂದು ಘೋಷಿಸಲಾಯಿತು. ಅದರ ಬೆನ್ನಿಗೆ ಬರೆದ ಸಂತಚರಿತ್ರೆ ಈ ಹುಸಿ ಟರ್ಪಿನ್ನನ ವೃತ್ತಾಂತದಿಂದಲೂ ಸಾಮಗ್ರಿಯನ್ನು ಎತ್ತಿಕೊಂಡಿತು. ಹಾಗೆ, ಒಬ್ಬ ಮುಸ್ಲಿಂ ಅಧಿಕಾರಿಯ ಕೋರಿಕೆಯ ಮೇಲೆ ಹೊರಟು, ಬೆಟ್ಟದ ಜನರಿಂದ ಪೆಟ್ಟು ತಿಂದು ಮರಳಿದ ದಂಡಯಾತ್ರೆ, ಪೀಠದ ಸುತ್ತ ಓದಲ್ಪಡುವ ಧರ್ಮಯುದ್ಧವಾಯಿತು. ಅದನ್ನು ಕೇಳಿದವರು ತಮ್ಮ ಕಾಲದ ನೆರೆಯವರನ್ನು ಯಾವ ಕಣ್ಣಿನಿಂದ ನೋಡಿದರೆಂಬುದು ಬೇರೆ ಹೇಳಬೇಕಿಲ್ಲ.

ಕೊನೆಯದಾಗಿ, ಐನ್‌ಹಾರ್ಡನಂಥವನು ಇಲ್ಲದ ಕಾವ್ಯಗಳ ಪ್ರಶ್ನೆ. ಹೋಮರನ ‘ಇಲಿಯಡ್’ ಎದುರಿಗಿಟ್ಟುಕೊಂಡ ಥುಸಿಡಿಡೀಸ್, ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿಯೇ, ನಮ್ಮ ವಿದ್ಯಾರ್ಥಿಯ ಹಾದಿಯನ್ನು ತುಳಿದ. ದೇವತೆಗಳನ್ನು ಬಿಟ್ಟ, ಕಾವ್ಯ ಹೇಳುವ 1200 ಹಡಗುಗಳಲ್ಲಿ ದೊಡ್ಡವಕ್ಕೆ 120 ಜನ, ಚಿಕ್ಕವಕ್ಕೆ 50 ಜನ ಎಂಬ ಮಾತನ್ನು ಹಿಡಿದು ಸರಾಸರಿ ತೆಗೆದ, ಇಡೀ ಗ್ರೀಸಿನಿಂದ ಬಂದ ಸೈನ್ಯವೆಂದರೆ ಅದು ಅಷ್ಟೇನೂ ದೊಡ್ಡದಲ್ಲ, ಆಹಾರದ ಅಭಾವದಿಂದಲೇ ಯುದ್ಧ ಎಳೆಯಿತು ಎಂದು ತೀರ್ಮಾನಿಸಿದ. ತರ್ಕ ಅಚ್ಚುಕಟ್ಟಾಗಿದೆ. ಆದರೆ ಹಡಗುಗಳ ಸಂಖ್ಯೆಯನ್ನು ಕವಿಗೆ ಯಾರು ಹೇಳಿದರೆಂಬ ಪ್ರಶ್ನೆಯನ್ನು ಅವನು ಬಿಗಿಯಾಗಿ ಕೇಳಲಿಲ್ಲ. ಎರಡು ಸಾವಿರ ವರ್ಷಗಳ ಮೇಲೆ ಶ್ಲೀಮನ್ ಹಿಸಾರ್ಲಿಕ್ ದಿಬ್ಬವನ್ನು ಅಗೆದು 1873ರಲ್ಲಿ ಸಿಕ್ಕ ಚಿನ್ನವನ್ನು ಅರಸ ಪ್ರಿಯಾಮನದೆಂದ. ಆ ಪದರ ಕಾವ್ಯದ ಯುದ್ಧಕ್ಕೆ ಹೇಳಲಾಗುವ ಕಾಲಕ್ಕಿಂತ ಸಾವಿರ ವರ್ಷ ಹಳೆಯದೆಂದು ನಂತರ ತಿಳಿಯಿತು. ಅಗೆತಕ್ಕೆ ನಗರ ಸಿಗುತ್ತದೆ, ಬೆಂಕಿಯ ಗುರುತು ಸಿಗುತ್ತದೆ. ಯಾರು ಯಾರ ಹೆಂಡತಿಗಾಗಿ ಸುಟ್ಟರೆಂಬುದನ್ನು ಬೂದಿ ಹೇಳುವುದಿಲ್ಲ.

ಟ್ರಾಯ್ ವಿಷಯದಲ್ಲಿ ತೂಕವುಳ್ಳ ಹೊರಗಿನ ಸಾಕ್ಷ್ಯ ಬಂದದ್ದು ಹಿಟ್ಟೈಟ್ ಮಣ್ಣಿನ ಹಲಗೆಗಳಿಂದ. ಕ್ರಿಸ್ತಪೂರ್ವ 1280ರ ಸುಮಾರಿಗೆ ಹಿಟ್ಟೈಟ್ ದೊರೆ ಮುವತಲ್ಲಿಯು ವಿಲುಸ ಎಂಬ ರಾಜ್ಯದ ಅರಸ ಅಲಕ್ಸಂದುವಿನೊಡನೆ ಮಾಡಿಕೊಂಡ ಒಪ್ಪಂದ ಅವುಗಳಲ್ಲಿದೆ. ವಿಲುಸವೇ ಗ್ರೀಕರ ಇಲಿಯೊಸ್, ಅಂದರೆ ಟ್ರಾಯ್ ಎಂದು ಇಂದು ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ. ಅಲಕ್ಸಂದು ಎಂಬುದು ಅಲೆಕ್ಸಾಂಡ್ರೊಸ್ ಎಂಬ ಗ್ರೀಕ್ ಹೆಸರನ್ನು ಹೋಲುತ್ತದೆ. ಇಲಿಯಡಿನಲ್ಲಿ ಪ್ಯಾರಿಸನ ಇನ್ನೊಂದು ಹೆಸರು ಅದೇ. ವಿದ್ಯಾರ್ಥಿಯ ಕೈ ಇಲ್ಲಿ ತುಡಿಯುವುದು ಸಹಜ. ಆದರೆ ಒಪ್ಪಂದದ ಅಲಕ್ಸಂದು ಅರಸ, ಕಾವ್ಯದ ಪ್ಯಾರಿಸ್ ರಾಜಕುಮಾರ; ಹೆಲೆನಳೂ ಇಲ್ಲ, ಹತ್ತು ವರ್ಷದ ಮುತ್ತಿಗೆಯೂ ಇಲ್ಲ. ಬರೆಯಬಹುದಾದ ವಾಕ್ಯ ಇಷ್ಟೇ: ಆ ಕಾಲದಲ್ಲಿ ಆ ಸ್ಥಳದಲ್ಲಿ ಆ ಹೆಸರಿನ ನಗರವಿತ್ತು, ಅದರ ಅರಸನೊಬ್ಬನಿಗೆ ಗ್ರೀಕ್‌ನಂತೆ ಧ್ವನಿಸುವ ಹೆಸರಿತ್ತು, ಆ ಹೆಸರು ಸುಮಾರು ಐದುನೂರು ವರ್ಷಗಳ ನಂತರದ ಕಾವ್ಯದಲ್ಲಿ ಆ ನಗರದೊಂದಿಗೇ ಕಾಣಿಸಿಕೊಳ್ಳುತ್ತದೆ. ಇದರ ಮುಂದಿನ ವಾಕ್ಯವನ್ನು ಬರೆಯಬೇಕೆಂದಿರುವವರು ಟಿಲ್ಪಿನ್ನನನ್ನು ಒಮ್ಮೆ ನೆನೆದು ಬರೆಯಲಿ.